ಎರಡು ಬಾರ್ ಲೂಪ್, 96 ಬಾರ್ ಹಾಡು: ಮೂರು ಥರದ ಆಟೊಮೇಷನ್ ಹಾಕಿ ಕೇಳಿದೆ

ಎರಡೇ ಬಾರ್‌ನ ಒಂದು ಲೂಪ್ ಇತ್ತು. ಸಾ-ಟೂತ್ ಸಿಂಥ್‌ನಲ್ಲಿ ಐದು ಸ್ವರ, ಅದರಲ್ಲಿ ತೀರಾ ಕೆಳಗಿನದು 110 ಹರ್ಟ್ಜ್. ವೇಗ 120 ಬಿಪಿಎಂ, ಅಂದರೆ ಒಂದು ಬಾರ್‌ಗೆ ಸರಿಯಾಗಿ 2 ಸೆಕೆಂಡ್. ಹಾಡು 96 ಬಾರ್, 3 ನಿಮಿಷ 12 ಸೆಕೆಂಡ್. ಹಾಗಾಗಿ ಅದೇ ಐದು ಸ್ವರ 48 ಸಲ ಬರಬೇಕು. ಸ್ವರ ಮುಟ್ಟುವುದಿಲ್ಲ, ಹೊಸ ವಾದ್ಯ ಸೇರಿಸುವುದಿಲ್ಲ, ಲೋ-ಪಾಸ್ ಫಿಲ್ಟರ್‌ನ ಕಟಾಫ್, ಅಂದರೆ ಯಾವ ಎತ್ತರದ ಮೇಲಿನ ಸದ್ದನ್ನು ಅದು ಕುಗ್ಗಿಸಬೇಕು ಅನ್ನುವ ಗಡಿ, ಮತ್ತು ವಾಲ್ಯೂಮ್, ಈ ಎರಡನ್ನೇ ಆಡಿಸಿ ಕೊನೆಯವರೆಗೂ ಕೇಳುವ ಹಾಗೆ ಮಾಡಬೇಕು ಅಂತ ಕೂತೆ. ಹಾಡು ಓಡುವಾಗ ಇವು ತಾವಾಗಿಯೇ ಬದಲಾಗುವ ಹಾಗೆ ಬರೆದಿಡುವುದೇ ಆಟೊಮೇಷನ್. ಒಂದೇ ಪ್ರಾಜೆಕ್ಟ್‌ನ ಮೂರು ಕಾಪಿ ಮಾಡಿದೆ. ಒಂದರಲ್ಲಿ ಮೌಸ್‌ನಿಂದ ಗೆರೆ ಎಳೆದೆ, ಇನ್ನೊಂದರಲ್ಲಿ ಹಾಡು ಓಡುತ್ತಿರುವಾಗ ನಾಬ್ ತಿರುಗಿಸಿ ರೆಕಾರ್ಡ್ ಮಾಡಿದೆ, ಮೂರನೆಯದರಲ್ಲಿ ಎಲ್ಲವನ್ನೂ ಎಲ್‌ಎಫ್‌ಒ, ಅಂದರೆ ನಾಬ್ ಅನ್ನು ತಾನೇ ಏರಿಳಿಸುವ ನಿಧಾನದ ಅಲೆಯ ಕೈಗೆ ಕೊಟ್ಟೆ.

ಮೊದಲ ದಿನದ ಹೋಲಿಕೆಯನ್ನು ಪೂರ್ತಿ ಬಿಟ್ಟುಬಿಡಬೇಕಾಯಿತು. ಫಿಲ್ಟರ್ ಜಾಸ್ತಿ ತೆರೆದಿದ್ದ ಕಾಪಿಯೇ ನನಗೆ ಪ್ರತಿ ಸಲವೂ ಚೆನ್ನಾಗಿ ಕೇಳಿಸುತ್ತಿತ್ತು. ಆಮೇಲೆ ಮೀಟರ್ ನೋಡಿದರೆ ವಿಷಯ ಅಷ್ಟೇ ಅಲ್ಲ. ಕಟಾಫ್ 250 ಹರ್ಟ್ಜ್‌ನಲ್ಲಿದ್ದಾಗ ಆ ಕೆಳಗಿನ ಸ್ವರದ 110 ಮತ್ತು 220 ಮಾತ್ರ ನೆಟ್ಟಗೆ ಹೊರಗೆ ಬರುತ್ತವೆ, ಮೇಲಿನ ಹಾರ್ಮೋನಿಕ್‌ಗಳೆಲ್ಲ ಕುಗ್ಗಿ ಹೋಗುತ್ತವೆ. 4000ಕ್ಕೆ ತೆರೆದರೆ ಅವೆಲ್ಲ ವಾಪಸ್ ಬರುತ್ತವೆ, ಜೊತೆಗೆ ಸದ್ದೂ ಏರುತ್ತದೆ. ನನ್ನ ಲೂಪ್‌ನಲ್ಲಿ ಆ ವ್ಯತ್ಯಾಸ ಸುಮಾರು 5 ಡೆಸಿಬಲ್ ಇತ್ತು. ಅಂದರೆ ನಾನು ಫಿಲ್ಟರ್‌ನ ಚಲನೆಯನ್ನು ಹೋಲಿಸುತ್ತಲೇ ಇರಲಿಲ್ಲ, ಯಾವುದು ಜೋರಾಗಿದೆಯೋ ಅದನ್ನು ಮೆಚ್ಚುತ್ತಿದ್ದೆ. ಆಮೇಲೆ ಫಿಲ್ಟರ್ ಆದ ನಂತರ ಒಂದು ಗೇನ್ ಪ್ಲಗಿನ್ ಹಾಕಿ, ಫಿಲ್ಟರ್ ಪೂರ್ತಿ ತೆರೆದಲ್ಲಿ 4 ಡೆಸಿಬಲ್ ಇಳಿಸಿದೆ. ಪೂರ್ತಿ 5 ಇಳಿಸಲಿಲ್ಲ, ತೆರೆದಾಗ ಸ್ವಲ್ಪ ಮುಂದೆ ಬಂದ ಹಾಗೆ ಅನಿಸಲಿ ಅಂತ 1 ಬಿಟ್ಟೆ. ಇಲ್ಲಿಂದ ಮುಂದೆ ಹೇಳುವುದೆಲ್ಲ ಈ ತಿದ್ದುಪಡಿ ಆದ ಮೇಲಿನ ಮಾತು.

ಗೆರೆ ಎಳೆಯುವ ಕಾಪಿಯಲ್ಲಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಮೊದಲ ಬಾರ್‌ನಲ್ಲಿ 250, ಕೊನೆಯ ಬಾರ್‌ನಲ್ಲಿ 4000, ನಡುವೆ ನೇರ ಗೆರೆ. ನೋಡಲು ಚೆನ್ನಾಗಿತ್ತು. ಕೇಳಿದರೆ ಏನೂ ಆಗುತ್ತಿಲ್ಲ! ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. 250ರಿಂದ 4000ಕ್ಕೆ ನಾಲ್ಕು ಆಕ್ಟೇವ್, ಅಂದರೆ 48 ಸೆಮಿಟೋನ್. ಲೂಪ್ ಬರುವುದೂ 48 ಸಲ. ಹಾಗಾಗಿ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಕಟಾಫ್ ಏರುವುದು ಒಂದೇ ಒಂದು ಸೆಮಿಟೋನ್. ಅಷ್ಟು ಸಣ್ಣ ಬದಲಾವಣೆಗೆ ಕಿವಿ ಜೊತೆಜೊತೆಗೇ ಹೊಂದಿಕೊಂಡುಬಿಡುತ್ತದೆ. ಮೊದಲ ಬಾರ್ ಮತ್ತು ಕೊನೆಯ ಬಾರ್ ಪಕ್ಕಪಕ್ಕ ಕೇಳಿಸಿದರೆ ಅಜಗಜಾಂತರ, ಆದರೆ ಹಾಡನ್ನು ಯಾರೂ ಹಾಗೆ ಕೇಳುವುದಿಲ್ಲ ಅಲ್ವಾ?

ಗೆರೆಯನ್ನು ಮುರಿದಾಗ ಕೆಲಸ ಆಯಿತು. 32 ಬಾರ್ ತನಕ ನಿಧಾನವಾಗಿ 1400ರ ಆಸುಪಾಸಿಗೆ ಏರಿಸಿ, 33ನೇ ಬಾರ್‌ನ ಮೊದಲ ಬೀಟ್‌ನಲ್ಲಿ ಒಂದೂವರೆ ಆಕ್ಟೇವ್ ಕೆಳಗೆ, 500ಕ್ಕೆ ಥಟ್ಟನೆ ಬೀಳಿಸಿದೆ. ಆ ಬೀಳುವಿಕೆಯಲ್ಲೇ, ಅಷ್ಟು ಹೊತ್ತು ಸದ್ದು ಎಷ್ಟು ತೆರೆದುಕೊಂಡಿತ್ತು ಅನ್ನುವುದು ಕೇಳುವವರಿಗೆ ಗೊತ್ತಾಗುತ್ತದೆ. ನಿಧಾನದ ಏರಿಕೆ ಕಿವಿಗೆ ಬೀಳುವುದೇ ಅದು ಕೈತಪ್ಪಿದಾಗ. ಮೂರು ಕಾಪಿಗಳಲ್ಲೂ ನನಗೆ ಅತಿ ಹೆಚ್ಚು ಇಷ್ಟವಾದ ಒಂದೇ ಕ್ಷಣ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ.

ಗೆರೆ ಎಳೆಯುವವರು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. 250 ಮತ್ತು 4000ದ ನಡುವೆ ನೇರ ಗೆರೆ ಎಳೆದು, ಸರಿಯಾಗಿ ಅರ್ಧ ದಾರಿಯಲ್ಲಿ ನಿಲ್ಲಿಸಿ ಕಟಾಫ್ ಎಷ್ಟು ತೋರಿಸುತ್ತಿದೆ ನೋಡಿ. 1000 ಇದ್ದರೆ ನಿಮ್ಮ ಫಿಲ್ಟರ್ ಆಕ್ಟೇವ್ ಲೆಕ್ಕದಲ್ಲಿ ನಡೆಯುತ್ತಿದೆ, ಕಿವಿ ಕೇಳುವುದೂ ಹಾಗೆಯೇ. 2125 ಇದ್ದರೆ ಹರ್ಟ್ಜ್ ಲೆಕ್ಕದಲ್ಲಿ ನಡೆಯುತ್ತಿದೆ. ಆಗ ಮೂರು ಆಕ್ಟೇವ್ ಮೊದಲ ಅರ್ಧದಲ್ಲೇ ಮುಗಿದುಹೋಗುತ್ತದೆ, ಉಳಿದರ್ಧದಲ್ಲಿ ಏನೂ ನಡೆಯದ ಹಾಗೆ ಕೇಳಿಸುತ್ತದೆ. ಅಂಥ ಫಿಲ್ಟರ್ ಆದರೆ ಗೆರೆಯನ್ನು ಕೆಳಗೆ ಜೋಲುವ ಹಾಗೆ ಬಾಗಿಸಬೇಕು, ಆರಂಭದಲ್ಲಿ ನಿಧಾನ, ಕೊನೆಯಲ್ಲಿ ಜೋರು.

ನಾಬ್ ರೆಕಾರ್ಡ್ ಮಾಡಿದ ಕಾಪಿ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಕೈಯಿಂದ ಮಾಡಿದ್ದಕ್ಕೆ ಜೀವ ಇರುತ್ತದೆ ಅಂತ. ಅದು ಅರ್ಧ ನಿಜ. ಚಿಕ್ಕ, ಚುರುಕಾದ ಚಲನೆಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಒಂದು ಕಡೆ ಬೀಟ್‌ಗೆ ಸ್ವಲ್ಪ ಮುಂಚೆಯೇ ಫಿಲ್ಟರ್ ತೆರೆದು, ಬೀಟ್ ಬಿದ್ದ ಮೇಲೆ ಒಂಚೂರು ತಡೆದು ಮುಚ್ಚಿದ್ದೆ. ಅದನ್ನು ಮೌಸ್‌ನಲ್ಲಿ ಬರೆಯಲು ನನಗೆ ಹೊಳೆಯುತ್ತಲೇ ಇರಲಿಲ್ಲ.

ಆದರೆ ನಿಧಾನದ ಏರಿಕೆಯಲ್ಲಿ ಕೈಕೊಟ್ಟಿತು. ನನ್ನ ಕಂಟ್ರೋಲರ್‌ನ ನಾಬ್ ಸಾಮಾನ್ಯ ಮಿಡಿ ಸಂದೇಶ ಕಳಿಸುತ್ತದೆ, 0ಯಿಂದ 127ರವರೆಗೆ 128 ಮೆಟ್ಟಿಲು ಅಷ್ಟೇ. ಫಿಲ್ಟರ್‌ನ ವ್ಯಾಪ್ತಿ 20 ಹರ್ಟ್ಜ್‌ನಿಂದ 20,000, ಅದು ಹೆಚ್ಚುಕಮ್ಮಿ ಹತ್ತು ಆಕ್ಟೇವ್. ಹಾಗಾಗಿ ಒಂದು ಮೆಟ್ಟಿಲಿಗೆ ಹತ್ತಿರ ಹತ್ತಿರ ಒಂದು ಸೆಮಿಟೋನ್. ನಾಲ್ಕು ಆಕ್ಟೇವ್ ಏರಲು 50 ಚಿಲ್ಲರೆ ಮೆಟ್ಟಿಲು. ಅದನ್ನು 32 ಬಾರ್‌ನಲ್ಲಿ, ಅಂದರೆ 64 ಸೆಕೆಂಡ್‌ನಲ್ಲಿ ಏರಿಸಿದರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸೆಕೆಂಡ್‌ಗಿಂತ ಜಾಸ್ತಿ ಹಿಡಿಯುತ್ತದೆ. ರೆಸೊನೆನ್ಸ್ ಕಮ್ಮಿ ಇದ್ದರೆ ಇದು ಗೊತ್ತಾಗುವುದಿಲ್ಲ. ರೆಸೊನೆನ್ಸ್ ಏರಿಸಿದ ತಕ್ಷಣ ಕಟಾಫ್ ಹತ್ತಿರದ ಹಾರ್ಮೋನಿಕ್ ಎದ್ದು ನಿಲ್ಲುತ್ತದೆ, ಆಗ ಉದ್ದ ಸ್ವರದ ಮೇಲೆ ಟಕ್, ಟಕ್ ಅಂತ ಹೆಜ್ಜೆ ಕೇಳಿಸುತ್ತದೆ. ಆಟೊಮೇಷನ್ ಸಾಲನ್ನು ಹತ್ತಿರದಿಂದ ನೋಡಿ, ಗೆರೆಯ ಬದಲು ಮೆಟ್ಟಿಲು ಕಂಡರೆ ಅದೇ ಕಾಯಿಲೆ. ಪರಿಹಾರ ಸುಲಭ: ನಡುವಿನ ಬಿಂದುಗಳನ್ನೆಲ್ಲ ಅಳಿಸಿ ಎರಡು ಮೂರು ಬಿಟ್ಟು, ಅವನ್ನು ಗೆರೆಯಿಂದ ಕೂಡಿಸಿ. ಹಾಗೆ ಮಾಡಿದ ಮೇಲೆ ಅದು ಮೊದಲನೇ ಕಾಪಿಯೇ ಆಯಿತು ಅನ್ನುವುದು ಬೇರೆ ಮಾತು.

ಇನ್ನೊಂದು ಪೆಟ್ಟು ರೆಕಾರ್ಡ್ ಮೋಡ್‌ನದ್ದು. ನಾನು ರೈಟ್ ಮೋಡ್‌ನಲ್ಲಿಟ್ಟು ಮರೆತು, ಕೇಳೋಣ ಅಂತ ಪ್ಲೇ ಒತ್ತಿದೆ. ಆ ಮೋಡ್‌ನಲ್ಲಿ ನಾಬ್ ಮುಟ್ಟದಿದ್ದರೂ ಹಳೆಯದರ ಮೇಲೆ ಬರೆದುಕೊಂಡು ಹೋಗುತ್ತದೆ, 40 ಬಾರ್‌ನ ಕೆಲಸ ಹೋಯಿತು. ಈಗ ಟಚ್ ಮೋಡ್ ಮಾತ್ರ ಬಳಸುತ್ತೇನೆ. ಅದು ಕೈ ಇಟ್ಟಷ್ಟು ಹೊತ್ತು ಬರೆದು, ಕೈ ಬಿಟ್ಟರೆ ಹಳೆಯ ಗೆರೆಗೆ ಮರಳುತ್ತದೆ.

ಎಲ್‌ಎಫ್‌ಒ ಕಾಪಿಯಲ್ಲಿ ಮೊದಲ ಪ್ರಯತ್ನ ಎರಡು ಬಾರ್‌ಗೆ ಒಂದು ಅಲೆ. ಐದು ನಿಮಿಷದಲ್ಲಿ ಕೈಬಿಟ್ಟೆ. ಲೂಪೂ ಎರಡು ಬಾರ್, ಅಲೆಯೂ ಎರಡು ಬಾರ್ ಆದರೆ ಅಲೆ ಪ್ರತಿ ಸಲ ಅದೇ ಸ್ವರದ ಮೇಲೆ ಏರಿ ಅದೇ ಸ್ವರದ ಮೇಲೆ ಇಳಿಯುತ್ತದೆ, ಲೂಪ್‌ಗೆ ಅಂಟಿಕೊಂಡುಬಿಡುತ್ತದೆ. ನಾಲ್ಕು ಬಾರ್ ಮಾಡಿದರೆ ನಾಲ್ಕು ಬಾರ್‌ನ ಲೂಪ್ ಆಯಿತು ಅಷ್ಟೇ.

ಮಜಾ ಶುರುವಾಗಿದ್ದು ಸಮಕ್ಕೆ ಕೂರದ ಅಳತೆ ಇಟ್ಟಾಗ. ಫಿಲ್ಟರ್‌ಗೆ 7 ಬಾರ್‌ನ ಅಲೆ, ವಾಲ್ಯೂಮ್‌ಗೆ 5 ಬಾರ್‌ನ ಅಲೆ. ಲೂಪ್ 2 ಬಾರ್. ಈ ಮೂರೂ ಮತ್ತೆ ಒಂದೇ ಜಾಗದಲ್ಲಿ ಸೇರುವುದು 70 ಬಾರ್ ಆದ ಮೇಲೆ, 2 ನಿಮಿಷ 20 ಸೆಕೆಂಡ್. ಅಲ್ಲಿಯವರೆಗೂ ಯಾವ ಎರಡು ಸುತ್ತೂ ಪೂರ್ತಿ ಒಂದೇ ಥರ ಇರುವುದಿಲ್ಲ. ಒಂದು ಸುತ್ತಿನಲ್ಲಿ ಮೂರನೇ ಸ್ವರ ಮಿನುಗಿದರೆ, ಮುಂದಿನದರಲ್ಲಿ ಅದೇ ಸ್ವರ ಮಸುಕಾಗಿ ಐದನೆಯದು ಮುಂದೆ ಬರುತ್ತದೆ. ಏರಿಳಿತ ಚಿಕ್ಕದಿರಲಿ, ನಾನು ಫಿಲ್ಟರ್‌ಗೆ ಆ ಕಡೆ ಈ ಕಡೆ ಅರ್ಧ ಆಕ್ಟೇವ್, ವಾಲ್ಯೂಮ್‌ಗೆ ಒಂದೂವರೆ ಡೆಸಿಬಲ್ ಇಟ್ಟೆ. ವಾಲ್ಯೂಮ್ 3 ದಾಟಿದರೆ ಯಾರೋ ಫೇಡರ್ ಆಡಿಸುತ್ತಿದ್ದಾರೆ ಅಂತ ಕಾಣಿಸಿಬಿಡುತ್ತದೆ.

ಇಲ್ಲಿ ನೋಡಿಕೊಳ್ಳಬೇಕಾದದ್ದು ರೀಟ್ರಿಗರ್. ಅದು ಆನ್ ಇದ್ದರೆ ಪ್ರತಿ ಸ್ವರಕ್ಕೂ ಎಲ್‌ಎಫ್‌ಒ ಮೊದಲಿನಿಂದ ಶುರುವಾಗುತ್ತದೆ, 7 ಬಾರ್‌ನ ಅಲೆ ಯಾವತ್ತೂ ಮುಗಿಯುವುದೇ ಇಲ್ಲ. ಎಲ್ಲ ಸ್ವರವೂ ಒಂದೇ ಥರ ತೆರೆದುಕೊಳ್ಳುತ್ತಿದ್ದರೆ ಮೊದಲು ಅದನ್ನು ನೋಡಿ. ಹಾಗಂತ ಹಾಡಿನ ಟೆಂಪೋಗೆ ಕಟ್ಟದೆ ಸುಮ್ನೆ ಓಡಲು ಬಿಟ್ಟರೆ, ಅಲೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ, ಎಕ್ಸ್‌ಪೋರ್ಟ್ ಮಾಡಿದಾಗೆಲ್ಲ ಬೇರೆ ಹಾಡು ಬರುತ್ತದೆ. ನನಗೆ ಅದು ಬೇಡ.

ಎಲ್‌ಎಫ್‌ಒನ ದೊಡ್ಡ ಕೊರತೆ ಬೇರೆ ಇದೆ. ಬದಲಾಗುತ್ತಲೇ ಇರುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. 10ನೇ ಬಾರ್ ಮತ್ತು 80ನೇ ಬಾರ್ ಅದಲುಬದಲು ಮಾಡಿದರೂ ಯಾರಿಗೂ ತಿಳಿಯದು. ಹಿಂದೆ ಹಾಕುವ ಸದ್ದಿಗೆ ಅದು ಸಾಕು, ಹಾಡಿಗೆ ಸಾಲದು.

ಹಾಗಾಗಿ ಒಂದನ್ನೇ ಆರಿಸಬೇಕಾದರೆ ಮುರಿದ ಗೆರೆಯೇ ಮೇಲು ಅನ್ನುತ್ತೇನೆ. ಆದರೆ ನಾನು ಕೊನೆಗೆ ಇಟ್ಟುಕೊಂಡದ್ದು ಗೆರೆ ಮತ್ತು ಎಲ್‌ಎಫ್‌ಒ ಕೂಡಿಸಿದ ಕಾಪಿ. ಕಟಾಫ್‌ನ ಮುಖ್ಯ ಗೆರೆ ನನ್ನದು, ಅದರ ಮೇಲೆ ಎಲ್‌ಎಫ್‌ಒ ಸವಾರಿ. ಮತ್ತೆ ಎಲ್‌ಎಫ್‌ಒ ಎಷ್ಟು ಆಡಬೇಕು ಅನ್ನುವುದಕ್ಕೂ ಒಂದು ಗೆರೆ ಎಳೆದೆ. ಮೊದಲ 16 ಬಾರ್ ಅದು ಸೊನ್ನೆ, ಲೂಪ್ ಇದ್ದ ಹಾಗೇ ಕೇಳಿಸಲಿ, ಮನಸ್ಸಲ್ಲಿ ಕೂರಲಿ. 17ರಿಂದ 32ರವರೆಗೆ ನಿಧಾನವಾಗಿ ಅರ್ಧ ಆಕ್ಟೇವ್‌ವರೆಗೆ. 33ರಲ್ಲಿ ಕಟಾಫ್ 500ಕ್ಕೆ ಬಿದ್ದಾಗ ಎಲ್‌ಎಫ್‌ಒ ಕೂಡ ಸೊನ್ನೆ. ಅಲ್ಲಿಂದ 80ರವರೆಗೆ ಎರಡೂ ಒಟ್ಟಿಗೆ ಏರುತ್ತವೆ, ಕಟಾಫ್ 4000ಕ್ಕೆ, ಎಲ್‌ಎಫ್‌ಒ ಪೂರ್ತಿ ಒಂದು ಆಕ್ಟೇವ್‌ಗೆ. ನಾಬ್‌ನಿಂದ ರೆಕಾರ್ಡ್ ಮಾಡಿದ್ದರಲ್ಲಿ ಎರಡೇ ಚಲನೆ ಉಳಿಸಿದೆ, 48 ಮತ್ತು 64ನೇ ಬಾರ್‌ನ ಕೊನೆಯ ಬೀಟ್‌ನಲ್ಲಿ.

ವಾಲ್ಯೂಮ್ ಎಲ್ಲವನ್ನೂ ಚಾನೆಲ್ ಫೇಡರ್ ಮೇಲೆ ಬರೆಯದೆ ಆ ಗೇನ್ ಪ್ಲಗಿನ್ ಮೇಲೆಯೇ ಬರೆದೆ. ಫೇಡರ್ ಮೇಲೆ ಬರೆದರೆ, ಆಮೇಲೆ ಮಿಕ್ಸ್ ಮಾಡುವಾಗ ಫೇಡರ್ 2 ಡೆಸಿಬಲ್ ಇಳಿಸಲು ಹೋದರೂ ಪ್ಲೇ ಒತ್ತಿದ ತಕ್ಷಣ ಅದು ವಾಪಸ್ ಬರೆದ ಜಾಗಕ್ಕೇ ಜಿಗಿಯುತ್ತದೆ.

ಕೊನೆಯ 8 ಬಾರ್‌ಗೆ ಎಲ್‌ಎಫ್‌ಒ ನಿಂತಿದೆ, ಕಟಾಫ್ 250ಕ್ಕೆ ಇಳಿಯುತ್ತಿದೆ, ಗೇನ್ ಕೂಡ ಜೊತೆಗೆ 12 ಡೆಸಿಬಲ್ ಇಳಿಯುತ್ತದೆ. ಫಿಲ್ಟರ್ ರಿವರ್ಬ್‌ಗಿಂತ ಮೊದಲು ಇದೆ, ಹಾಗಾಗಿ ಸ್ವರ ಮಸುಕಾದ ಮೇಲೂ ಹಿಂದಿನ ಸುತ್ತಿನ ಹೊಳಪು ರಿವರ್ಬ್‌ನಲ್ಲಿ ಕ್ಷಣ ಹೊತ್ತು ಉಳಿದಿರುತ್ತದೆ, 48ನೇ ಸಲ ಲೂಪ್ ಮುಗಿಯುವುದು ಆ ಹೊಳಪಿನ ಕೆಳಗೆ.