ಲಾಡ್ಜ್ ಕೌಂಟರ್‌ನಲ್ಲಿ ಬ್ಯಾಗ್ ಬಿಡುವವರು ಇದನ್ನೊಮ್ಮೆ ಓದಿ

ಬೆಳಗ್ಗೆ ರೂಮ್ ಖಾಲಿ ಮಾಡಿ, ಬ್ಯಾಗನ್ನು ಕೌಂಟರ್‌ನಲ್ಲಿಟ್ಟು, ಜೋಗ ನೋಡಿ ಬಂದು ರಾತ್ರಿ ರೈಲು ಹಿಡಿಯುವುದು ಶಿವಮೊಗ್ಗಕ್ಕೆ ಬರುವ ಎಷ್ಟೋ ಜನರ ರೂಢಿ. ನಾನೂ ಹಾಗೇ ಹೋಗಿದ್ದೆ. ಸಂಜೆ ಬಂದರೆ ಲ್ಯಾಪ್‌ಟಾಪ್ ಇದ್ದ ಬ್ಯಾಗೇ ಇಲ್ಲ! ಬೆಳಗ್ಗೆ ಅದನ್ನು ತೆಗೆದುಕೊಂಡ ಹುಡುಗ ಡ್ಯೂಟಿ ಮುಗಿಸಿ ಹೋಗಿದ್ದ. ಮ್ಯಾನೇಜರ್ ಗೋಡೆ ತೋರಿಸಿ, "ಬೋರ್ಡ್ ನೋಡಿಲ್ವಾ ಸರ್?" ಅಂದರು. 'ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು' ಅಂತ ಕೆಂಪಕ್ಷರದಲ್ಲಿತ್ತು.

ಆ ಬೋರ್ಡ್ ನೋಡಿ ಸುಮ್ಮನಾಗಬೇಡಿ. ನಿಮ್ಮ ವಸ್ತುವನ್ನು ಅವರು ಕೈಗೆ ತೆಗೆದುಕೊಂಡು ಇಟ್ಟುಕೊಂಡ ಮೇಲೆ, ತಮ್ಮ ಸ್ವಂತ ವಸ್ತುವನ್ನು ವಿವೇಕವುಳ್ಳ ಯಾರೇ ಆದರೂ ಕಾಯುವಷ್ಟು ಜೋಪಾನವಾಗಿ ಕಾಯಬೇಕು. 1872ರ ಕರಾರು ಕಾಯ್ದೆಯ 151ನೇ ಕಲಂ ಹೇಳುವುದು ಇದನ್ನೇ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಸಿಬ್ಬಂದಿ ಕೈಗೆ ಕೀ ಕೊಟ್ಟು ಬಿಟ್ಟಿದ್ದ ಕಾರು 1998ರಲ್ಲಿ ಕಳುವಾಯಿತು. ಟೋಕನ್ ಮೇಲೆ 'ಮಾಲೀಕರದೇ ಹೊಣೆ' ಎಂಬರ್ಥದ ಷರತ್ತು ಇತ್ತು. ಆದರೂ 2019ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲನ್ನೇ ಹೊಣೆ ಮಾಡಿತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ್ ಶಾಂತನಗೌಡರ್. ವಸ್ತು ವಾಪಸ್ ಸಿಗದಿದ್ದರೆ, ತಮ್ಮ ಕಡೆಯಿಂದ ಅಜಾಗರೂಕತೆ ಆಗಿಲ್ಲ ಅಂತ ತೋರಿಸುವ ಭಾರ ಮೊದಲು ಹೋಟೆಲಿನದು. ತಮ್ಮದೇ ಅಜಾಗರೂಕತೆಯ ಹೊಣೆಯಿಂದ ಇಂಥ ಷರತ್ತಿನ ನೆಪದಲ್ಲಿ ಜಾರಿಕೊಳ್ಳಲು ಆಗುವುದಿಲ್ಲ.

ಹಾಗಂತ ಎಲ್ಲ ಕಳುವಿಗೂ ಇದು ನಡೆಯುವುದಿಲ್ಲ. ನೀವೇ ಬೀಗ ಹಾಕಿಕೊಂಡ ರೂಮಿನಿಂದಲೋ, ಪಿಜಿಯಲ್ಲಿ ನಿಮ್ಮ ಕಪಾಟಿನಿಂದಲೋ ಹೋದರೆ, ನೀವು ವಸ್ತುವನ್ನು ಅವರ ಕೈಗೆ ಒಪ್ಪಿಸಿಲ್ಲ ಅಂತ ಅವರು ವಾದಿಸುತ್ತಾರೆ. ಆಗ ಕೆಟ್ಟ ಚಿಲಕ, ಸಿಬ್ಬಂದಿ ಬಳಿ ಇದ್ದ ಇನ್ನೊಂದು ಕೀ, ಹೀಗೆ ಅವರ ಲೋಪವನ್ನು ನೀವೇ ತೋರಿಸಬೇಕಾಗುತ್ತದೆ. 'ಬೆಲೆಬಾಳುವ ವಸ್ತುಗಳನ್ನು ಕೌಂಟರ್‌ನಲ್ಲಿ ಕೊಟ್ಟು ರಸೀದಿ ಪಡೆಯಿರಿ' ಅಂತ ಬೋರ್ಡ್ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಿನ್ನವನ್ನು ರೂಮಿನಲ್ಲೇ ಬಿಟ್ಟು ಹೋದವರ ವಿರುದ್ಧ ಈ ಬೋರ್ಡ್ ಕೆಲಸಕ್ಕೆ ಬರುತ್ತದೆ.

ಮ್ಯಾನೇಜರ್ ಮೊದಲು "ನೀವು ಬ್ಯಾಗ್ ಕೊಟ್ಟೇ ಇಲ್ಲ" ಅಂದರು. ನನ್ನ ಬಳಿ ಟೋಕನ್ ಇರಲಿಲ್ಲ, ಆ ಲಾಡ್ಜ್‌ನಲ್ಲಿ ಕೊಡುವ ಪದ್ಧತಿಯೇ ಇಲ್ಲ. ಉಳಿಸಿದ್ದು ಸಿಸಿಟಿವಿ. ಹಳೆ ರೆಕಾರ್ಡಿಂಗ್ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಅದಕ್ಕೇ ಅವತ್ತೇ ಠಾಣೆಗೆ ಹೋಗಿ, ರೆಕಾರ್ಡಿಂಗ್ ವಶಕ್ಕೆ ತೆಗೆದುಕೊಳ್ಳಿ ಅಂತ ದೂರಿನಲ್ಲೇ ಬರೆದೆ. ಲಾಡ್ಜ್‌ಗೂ ಅದನ್ನು ಅಳಿಸಬೇಡಿ ಅಂತ ವಾಟ್ಸಾಪ್ ಕಳಿಸಿದೆ. ನಾನು ಬ್ಯಾಗ್ ಕೊಟ್ಟದ್ದು ಅದರಲ್ಲಿ ಸ್ಪಷ್ಟವಾಗಿತ್ತು.

ವಕೀಲರ ನೋಟಿಸ್ ಹೋದ ಮೇಲೆ ದನಿ ಮೆತ್ತಗಾಯಿತು. ಬಿಲ್ ಇದ್ದ ಲ್ಯಾಪ್‌ಟಾಪ್‌ಗೆ ಮಾತ್ರ, ಅದೂ ಹಳೆಯದೆಂದು ಕಡಿತ ಮಾಡಿ ದುಡ್ಡು ಕೊಟ್ಟರು. ಅದೇ ಬ್ಯಾಗಿನಲ್ಲಿದ್ದ ನನ್ನ ಕ್ಯಾಮೆರಾಗೆ ಬಿಲ್ ಇರಲಿಲ್ಲ, ಅದು ಹೋಯಿತು. ಅವರು ಅಷ್ಟಕ್ಕೂ ಒಪ್ಪದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುವವನಿದ್ದೆ. ಅದಕ್ಕೆ 2 ವರ್ಷದ ಗಡುವಿದೆ. ನೀವು ಕೊಟ್ಟ ಬಾಡಿಗೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರನ್ನು ಶಿವಮೊಗ್ಗದಲ್ಲೇ ಹಾಕಬೇಕೆಂದೂ ಇಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು.