ಸೈಲೆನ್ಸರ್ ಮೇಲಿನ ಹೋಸ್ ಕ್ಲಿಪ್ ಮತ್ತು ಹೊಸ ರಬ್ಬರ್: ಪುಣೆಯಲ್ಲಿ ಎರಡೂವರೆ ವರ್ಷದ ಬಳಕೆ

ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ದಿನಾ ಕೋಥ್ರೂಡಿನಿಂದ ಹಿಂಜವಡಿಗೆ ಓಡುತ್ತದೆ, ವರ್ಷಕ್ಕೆ ಮೂರ್ನಾಲ್ಕು ಸಲ ಧಾರವಾಡಕ್ಕೆ. ಈ ಗಾಡಿಗೆ ಹಾಕಿದ ಎರಡು ಅಗ್ಗದ ಸಾಮಾನುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ: ಸ್ಟೇನ್‌ಲೆಸ್ ಸ್ಟೀಲಿನ ಹೋಸ್ ಕ್ಲಿಪ್ ಮತ್ತು ಸೈಲೆನ್ಸರ್ ತೂಗುಹಾಕುವ ರಬ್ಬರ್.

ಎರಡು ಮಳೆಗಾಲಗಳ ಹಿಂದೆ ಗಾಡಿಯ ಅಡಿಯಿಂದ ಜಿರ್ರ್ ಅಂತ ತಗಡಿನ ಸದ್ದು ಶುರುವಾಯಿತು. ಎರಡು ಸಾವಿರ ಆರ್‌ಪಿಎಂ ಹತ್ತಿರ ಮಾತ್ರ. ಎರಡೂವರೆ ಸಾವಿರ ದಾಟಿದರೆ ಮಾಯ. ಮೊದಲು ತೋರಿಸಿದ ಗ್ಯಾರೇಜಿನವರು ಸೈಲೆನ್ಸರನ್ನು ಪೂರ್ತಿ ಬದಲಿಸಬೇಕು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಮನೆ ಹತ್ತಿರದ ಮೆಕ್ಯಾನಿಕ್ ಇಂಡಿ ಕಡೆಯವರು. ಅವರು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, "ಸಾವಕಾಶ ಆಕ್ಸಿಲರೇಟರ್ ಒತ್ತರಿ ಸರ್" ಅಂದರು. ನಿಂತಲ್ಲೇ, ಅದೇ ಎರಡು ಸಾವಿರಕ್ಕೆ ಸದ್ದು ಬಂತು. ಅಂದರೆ ಚಕ್ರಕ್ಕೂ ಬೇರಿಂಗಿಗೂ ಸಂಬಂಧವಿಲ್ಲ, ಎಂಜಿನ್ನಿನ ನಡುಕಕ್ಕೇ ಏನೋ ಅದುರುತ್ತಿದೆ.

ಒಂದೇ ವೇಗಕ್ಕೆ ಯಾಕೆ ಅಂತ ಅವತ್ತು ತಿಳಿಯಿತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಎರಡು ಸಾವಿರ ಸುತ್ತು ಅಂದರೆ ಸೆಕೆಂಡಿಗೆ ಸುಮಾರು 67 ಬಡಿತ. ಸಡಿಲವಾದ ತಗಡಿಗೆ ತನ್ನದೇ ಒಂದು ಅದುರುವ ಲಯ ಇರುತ್ತದೆ. ಎರಡೂ ಕೂಡಿದಾಗಲೇ ಸದ್ದು, ಆಚೀಚೆ ಆದರೆ ಇಲ್ಲ.

ಎಂಜಿನ್ ಆರಿಸಿ ಎರಡು ಗಂಟೆ ತಣ್ಣಗಾಗಲು ಬಿಟ್ಟೆವು. ಆಮೇಲೆ ಪಿಟ್ ಮೇಲೆ ನಿಲ್ಲಿಸಿ, ಮುಷ್ಟಿಯಿಂದ ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋದರು. ಹೀಟ್ ಶೀಲ್ಡ್ ಹತ್ತಿರ ಬಂದಾಗ ಅದೇ ಜಿರ್ರ್. ಪೈಪನ್ನು ಸುತ್ತಿಕೊಂಡಿರುವ ತೆಳು ತಗಡು ಅದು. ಬೋಲ್ಟ್ ಗಟ್ಟಿಯಾಗಿಯೇ ಇತ್ತು. ಅದರ ಸುತ್ತಲಿನ ತಗಡು ತುಕ್ಕು ತಿಂದು ತೂತು ಎಂಟಾಣೆಯಷ್ಟು ಅಗಲವಾಗಿತ್ತು. ತಗಡಿನ ಮೇಲೆಯೇ ಕ್ಲಿಪ್ ಸುತ್ತಿ ಬಿಗಿದರು. ಹದವಾಗಿ ಅಷ್ಟೇ, ಜಾಸ್ತಿ ಬಿಗಿದರೆ ತೆಳು ತಗಡು ಅಪ್ಪಚ್ಚಿಯಾಗುತ್ತದೆ. ಸದ್ದು ನಿಂತಿತು.

ಪೈಪ್ ಸುತ್ತುವ ಶೀಲ್ಡಿಗೆ ಮಾತ್ರ ಇದು ನಡೆಯುತ್ತದೆ. ಗಾಡಿಯ ತಳಕ್ಕೆ ಬೋಲ್ಟ್ ಮಾಡಿದ ಶೀಲ್ಡ್ ಆದರೆ ತೂತು ಮುಚ್ಚುವಷ್ಟು ಅಗಲದ ವಾಷರ್ ಬೇಕು. ಪ್ಲಾಸ್ಟಿಕ್ ಟೈ ಕಟ್ಟಿದರೆ ಕರಗಿ ಬೀಳುತ್ತದೆ. ಶೀಲ್ಡನ್ನೇ ಕಿತ್ತು ಬಿಸಾಡಿ ಅನ್ನುವವರೂ ಇದ್ದಾರೆ, ದಯವಿಟ್ಟು ಬೇಡ. ಪೈಪಿನ ಬಿಸಿ ತಳಕ್ಕೆ, ಹತ್ತಿರದ ವೈರು ಕೇಬಲ್ಲಿಗೆ ತಾಗದಂತೆ ತಡೆಯುವುದು ಅದೇ ಅಲ್ವಾ?

ಹದಿನಾಲ್ಕು ತಿಂಗಳು ಏನೂ ತೊಂದರೆ ಇಲ್ಲ. ಆಮೇಲೆ ಒಮ್ಮೆ ಕಾತ್ರಜ್ ಘಾಟ್ ಹತ್ತುವಾಗ ಮತ್ತೆ ಅದೇ ತಗಡಿನ ಸದ್ದು. ಕ್ಲಿಪ್ ಸಡಿಲಾಯಿತು ಅಂದುಕೊಂಡೆ. ಆದರೆ ಗಮನಿಸಿದರೆ ಈ ಸಲ ಬೇರೆ ಲಕ್ಷಣಗಳೂ ಇದ್ದವು. ಕ್ಲಚ್ ಬಿಟ್ಟು ಗಾಡಿ ಹೊರಡುವಾಗ ಸೀಟಿನ ಕೆಳಗೆ ನಡುಕ. ಸ್ಪೀಡ್ ಬ್ರೇಕರ್ ಇಳಿದಾಗ ಹಿಂದಿನಿಂದ ಢಬ್ ಅಂತ ದಪ್ಪ ಸದ್ದು. ಸುಮ್ನೆ ಅದುರುವ ತಗಡು ಢಬ್ ಅನ್ನುವುದಿಲ್ಲ.

ಪಿಟ್ ಮೇಲೆ ನೋಡಿದರೆ ಕ್ಲಿಪ್ ಅಲುಗಿರಲಿಲ್ಲ. ಎರಡು ತೂತಿನ ರಬ್ಬರಿನಲ್ಲಿ ಕೆಳಗಿನ ತೂತು ಹರಿದು, ಪೈಪ್ ಒಂದು ಬೆರಳಿನಷ್ಟು ಜೋತುಬಿದ್ದಿತ್ತು. ಒಂದು ಕಡೆ ಜೋತಾಗ ಇನ್ನೊಂದು ಕಡೆ ಓರೆಯಾಗಿ, ತಳದ ಶೀಲ್ಡಿಗೆ ತಾಗುತ್ತಿತ್ತು. ತಾಗಿದ ಜಾಗದಲ್ಲಿ ತುಕ್ಕೆಲ್ಲ ಉಜ್ಜಿಹೋಗಿ ಬೆಳ್ಳಗೆ ಹೊಳೆಯುವ ಗೆರೆ. ಸದ್ದು ಮಾಡುತ್ತಿದ್ದದ್ದು ತಗಡು, ತಪ್ಪು ರಬ್ಬರಿನದು. ಖಾತ್ರಿಗೆ ಮೆಕ್ಯಾನಿಕ್ ಮರದ ತುಂಡಿನಿಂದ ಪೈಪನ್ನು ಮೇಲಕ್ಕೆ ಒತ್ತಿ ಹಿಡಿದರು, ನಾನು ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದೆ. ಎರಡು ಸಾವಿರಕ್ಕೂ ಸದ್ದಿಲ್ಲ. ಕೈ ಬಿಟ್ಟರೆ ಮತ್ತೆ ಸದ್ದು. ಅವತ್ತು ಕ್ಲಿಪ್ಪನ್ನೇ ಇನ್ನೂ ಬಿಗಿದಿದ್ದರೆ ಏನೂ ಆಗುತ್ತಿರಲಿಲ್ಲ. ಹರಿದ ರಬ್ಬರಿನ ಭಾರ ಉಳಿದ ರಬ್ಬರುಗಳ ಮೇಲೂ ಪೈಪಿನ ಜೋಡಣೆ ಮೇಲೂ ಬಿದ್ದು, ಮುಂದೆ ವೆಲ್ಡಿಂಗ್ ಬಿರುಕು ಬಿಡುತ್ತಿತ್ತು.

ಜೊತೆಯ ರಬ್ಬರುಗಳನ್ನು ಬಗ್ಗಿಸಿ ನೋಡಿದಾಗ ಸಣ್ಣ ಸೀಳುಗಳು ಕಂಡವು, ಎಲ್ಲವನ್ನೂ ಒಟ್ಟಿಗೆ ಬದಲಿಸಿದೆ. ಹಳೆಯದು ಕೀಳಲು ಸಾಬೂನು ನೀರು ಸಾಕಾಯಿತು. ಮನೆಯಲ್ಲಿ ಮಾಡುವವರು ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಪಿಟ್ ಇರುವ ಕಡೆಗೇ ಒಯ್ಯಿರಿ.

ಕ್ಲಿಪ್ಪಿಗೆ ಐದಕ್ಕೆ ಐದು. ಬಿಸಿಗೆ ಬಣ್ಣ ಕಂದಾಗಿದೆ, ಸ್ಕ್ರೂ ಇನ್ನೂ ತಿರುಗುತ್ತದೆ. ರಬ್ಬರಿಗೆ ನಾಲ್ಕು, ಯಾಕೆಂದರೆ ಒಂದರ ಅಂಚಿನಲ್ಲಿ ಈಗಾಗಲೇ ಕೂದಲೆಳೆಯಷ್ಟು ಸೀಳು ಕಾಣುತ್ತಿದೆ. ಜೂನಿನ ಮಳೆ ಹಿಡಿಯುವ ಮುಂಚೆ ಮತ್ತೊಮ್ಮೆ ಪಿಟ್‌ಗೆ ಒಯ್ಯುತ್ತೇನೆ.