ಕಾರ್ಡ್ ಇಲ್ಲದೆ ನೇರ ಬ್ಯಾಂಕ್ ಪಾವತಿಯೋ, ಕ್ರೆಡಿಟ್ ಕಾರ್ಡೋ: ಬ್ರಿಟನ್ನಿನಲ್ಲಿ ಕೊಳ್ಳುವವರಿಗೆ

ಬ್ರಿಟನ್ನಿನ ಆನ್‌ಲೈನ್ ಅಂಗಡಿಯೊಂದರಲ್ಲಿ 600 ಪೌಂಡಿನ ಸೋಫಾ ಕೊಳ್ಳುತ್ತಿದ್ದೀರಿ, ಅದು ಮನೆಗೆ ತಲುಪಲು ಆರು ವಾರ ಬೇಕು ಎಂದಿಟ್ಟುಕೊಳ್ಳೋಣ.

‘ಪೇ ಬೈ ಬ್ಯಾಂಕ್’ ಆಯ್ದು ನಿಮ್ಮ ಬ್ಯಾಂಕನ್ನು ಸೂಚಿಸಿದರೆ, ಪಾವತಿಯನ್ನು ಆರಂಭಿಸಲು ಅನುಮತಿ ಪಡೆದ ಮಧ್ಯವರ್ತಿ ಸಂಸ್ಥೆಯು ನಿಮ್ಮನ್ನು ಆ ಬ್ಯಾಂಕಿನ ಆ್ಯಪ್‌ಗೆ ಕಳುಹಿಸುತ್ತದೆ. ಅಲ್ಲಿ ಹಣ ಪಡೆಯುವವರ ಹೆಸರು ಮತ್ತು ಮೊತ್ತವನ್ನು ನೋಡಿ, ಬೆರಳಚ್ಚು ಅಥವಾ ಮುಖ ತೋರಿಸಿ ನೀವು ಒಪ್ಪಿದ ಮೇಲೆಯೇ ಬ್ಯಾಂಕು ‘ಫಾಸ್ಟರ್ ಪೇಮೆಂಟ್ಸ್’ ಜಾಲದ ಮೂಲಕ, ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ, ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುತ್ತದೆ. ಅಂಗಡಿಯ ಬಳಿ ಕದಿಯಲು ಕಾರ್ಡ್ ಸಂಖ್ಯೆಯೇ ಉಳಿಯುವುದಿಲ್ಲ. ಇದು ಸಣ್ಣ ಲಾಭವೇನಲ್ಲ.

ಆದರೆ ಅಂಗಡಿಯೇ ದಿವಾಳಿಯಾಗಿ ಸೋಫಾ ಬರದಿದ್ದರೆ? ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ, 100 ಪೌಂಡ್ ಮೀರಿದ ಮತ್ತು 30,000 ಪೌಂಡ್ ದಾಟದ ಬೆಲೆಯ ವಸ್ತುವಿಗೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ವಿಧಿಯಂತೆ ಕಾರ್ಡ್ ಕೊಟ್ಟ ಸಂಸ್ಥೆಯೂ ಅಂಗಡಿಯಷ್ಟೇ ಹೊಣೆಯಾಗುತ್ತದೆ. ನೇರ ಪಾವತಿಗೆ ಆ ರಕ್ಷಣೆಯಾಗಲಿ, ಕಾರ್ಡ್ ಜಾಲಗಳ ನಿಯಮದಂತೆ ಹಣ ಮರಳಿ ಪಡೆಯುವ ‘ಚಾರ್ಜ್‌ಬ್ಯಾಕ್’ ಆಗಲಿ ಇಲ್ಲ. 2024ರ ಅಕ್ಟೋಬರ್ 7ರಿಂದ ಜಾರಿಯಲ್ಲಿರುವ ಪರಿಹಾರ ನಿಯಮವು ವಂಚಕರ ಮಾತು ನಂಬಿ ಹಣ ಕಳುಹಿಸಿದವರಿಗಾಗಿ ಇದೆಯೇ ಹೊರತು, ನಿಜವಾದ ಅಂಗಡಿಯೊಂದಿಗಿನ ವ್ಯಾಜ್ಯಕ್ಕೆ ಅನ್ವಯಿಸದು.

ಹೀಗಾಗಿ ಈ ಸೋಫಾವನ್ನು ನಾನಂತೂ ಕ್ರೆಡಿಟ್ ಕಾರ್ಡಿನಲ್ಲೇ ಕೊಳ್ಳುವೆ. ಕೂಡಲೇ ಕೈಸೇರುವ ವಸ್ತುವಿಗೆ ಅಥವಾ ತೆರಿಗೆ ಕಟ್ಟಲು ನೇರ ಪಾವತಿ ಸಾಕು. ಒಪ್ಪಿಗೆ ಕೊಟ್ಟ ಬಳಿಕ ಅಂಗಡಿಯ ಪುಟ ತೆರೆಯದೆ ನಿಂತುಹೋದರೆ, ಮತ್ತೆ ಪಾವತಿಸುವ ಮುನ್ನ ಖಾತೆಯಿಂದ ಹಣ ಹೋಗಿದೆಯೇ ಎಂದು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಬೇಕು.